ಹೆಸರು ಒಂದೇ, ಸಾಲ ಬೇರೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಬ್ಬರದೇ ಹೆಸರು ಎರಡು ರೂಪಗಳಲ್ಲಿ ಇರುವುದುಂಟು. ಊರಿನ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮೊದಲು ಬಂದರೆ, ಇಲ್ಲಿಯ ಕಾಗದಪತ್ರಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಶೆಟ್ಟಿ, ಪೂಜಾರಿ, ರಾವ್ ಮೊದಲಾದ ಅಡ್ಡಹೆಸರುಗಳಂತೂ ಸಹಸ್ರಾರು ಜನರಿಗೆ ಸಮಾನ. ಬ್ಯಾಂಕು ಕಳುಹಿಸುವ ವಿವರದಲ್ಲಿ ಪ್ಯಾನ್ ಸಂಖ್ಯೆಯೋ ಜನ್ಮದಿನಾಂಕವೋ ತಪ್ಪಿದ್ದರೆ, ಒಬ್ಬರ ಸಾಲವು ಮತ್ತೊಬ್ಬರ ಕ್ರೆಡಿಟ್ ವರದಿಯನ್ನು ಸೇರಿಬಿಡಬಹುದು.

ಈ ವರದಿಗಳನ್ನು ಸಿದ್ಧಪಡಿಸುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡುವುದು ಪ್ರತಿಯೊಂದು ಸಂಸ್ಥೆಯ ಕರ್ತವ್ಯ.

ಡೊಂಬಿವಲಿಯ ಗೃಹಸ್ಥರೊಬ್ಬರು ಗೃಹಸಾಲಕ್ಕೆ ಅರ್ಜಿ ಹಾಕುವ ಮೊದಲು ವರದಿಯನ್ನು ತರಿಸಿದರೆಂದು ಭಾವಿಸೋಣ. ಅಂಕವನ್ನಷ್ಟೇ ನೋಡಿ ಅದನ್ನು ಮಡಿಸಿಡಬಾರದು. ಮೊದಲು ಹೆಸರು, ಪ್ಯಾನ್, ವಿಳಾಸಗಳನ್ನು ಪರೀಕ್ಷಿಸಬೇಕು. ತಾವೆಂದೂ ವಾಸಿಸದ ವಿಳಾಸ ಅಲ್ಲಿದ್ದರೆ, ಅದು ಬೇರೊಬ್ಬರ ಲೆಕ್ಕ ಬೆರೆತಿರುವುದರ ಮೊದಲ ಸುಳಿವು. ಬಳಿಕ ಒಂದೊಂದು ಸಾಲವನ್ನೂ ನೋಡಬೇಕು. ಕಂತು ಎಷ್ಟು ದಿನ ತಡವಾಯಿತೆಂಬುದು ಅಲ್ಲಿ ತಿಂಗಳುವಾರು ನಮೂದಾಗಿರುತ್ತದೆ. ಸೊನ್ನೆಗಳಿದ್ದರೆ ಬಾಕಿಯಿಲ್ಲ, 090 ಎಂದಿದ್ದರೆ ತೊಂಬತ್ತು ದಿನದ ಬಾಕಿ. ಈ ಗೃಹಸ್ಥರು ಪಡೆಯದ ವಾಹನಸಾಲವೊಂದು ಅಂತಹ ಬಾಕಿಯೊಡನೆ ಅಲ್ಲಿದೆ.

ಅವರು ಜೂನ್ 1ರಂದು, ಆ ಸಾಲದ ಖಾತೆಯನ್ನು ಹೆಸರಿಸಿ, ಪ್ಯಾನ್ ಮತ್ತು ವಿಳಾಸದ ಪುರಾವೆಯೊಡನೆ ವರದಿಯ ಸಂಸ್ಥೆಗೆ ತಕರಾರು ಸಲ್ಲಿಸುತ್ತಾರೆ. ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಸಂಸ್ಥೆಯು ತಾನಾಗಿ ನಮೂದನ್ನು ತಿದ್ದಲಾರದು. ಆದಕಾರಣ ಬ್ಯಾಂಕಿಗೂ ಅದೇ ದಿನ ಬರೆದು, ಎರಡೂ ಕಡೆಯ ತಕರಾರು ಸಂಖ್ಯೆಯನ್ನು ಕಾದಿರಿಸಿಕೊಳ್ಳುವುದು ಲೇಸು.

ರಿಸರ್ವ್ ಬ್ಯಾಂಕು 2023ರಲ್ಲಿ ಹೊರಡಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದ ಆದೇಶದಂತೆ ತಕರಾರು 30 ದಿನಗಳಲ್ಲಿ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿನ ಪಾಲು 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮೇಲಿನ ತಕರಾರಿಗೆ ಜುಲೈ 1 ಕೊನೆಯ ದಿನ; ತಿದ್ದುಪಡಿ ಜುಲೈ 16ಕ್ಕೆ ಆದರೆ ಹದಿನೈದು ದಿನಗಳಿಗೆ 1,500 ರೂಪಾಯಿ. ತಡ ಯಾರದೋ ಅವರೇ ಅದನ್ನು ತೆರಬೇಕು. ಉತ್ತರವೇ ಬಾರದಿದ್ದರೆ ಅಥವಾ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು.

ನಿಜವಾಗಿಯೂ ತಡವಾದ ಕಂತನ್ನು ಮಾತ್ರ ಯಾವ ತಕರಾರೂ ಅಳಿಸದು. ಹಣ ಪಡೆದು ಅಳಿಸಿಕೊಡುವೆವೆನ್ನುವ ದಲ್ಲಾಳಿಗಳನ್ನು ನಂಬಬಾರದು. ಒಂದು ಸಂಸ್ಥೆಯಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಉಳಿದಿರಬಹುದಾದ್ದರಿಂದ, ಉಳಿದ ಮೂರು ವರದಿಗಳನ್ನೂ ತರಿಸಿ ನೋಡಿದ ಮೇಲೆಯೇ ಗೃಹಸಾಲದ ಅರ್ಜಿಗೆ ಸಹಿ ಹಾಕುವುದು ಉಚಿತ.