ಐಜಿಜಿ ಪಾಸಿಟಿವ್: ಡೆಂಗಿ ಬಂದು ಹೋದದ್ದನ್ನು ರಕ್ತ ಹೇಳುವ ಬಗೆ

ಮಳೆಗಾಲದ ಜ್ವರಕ್ಕೆ ಲ್ಯಾಬಿನಿಂದ ಬರುವ ಡೆಂಗಿ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿರುತ್ತವೆ: ಎನ್ಎಸ್1, ಐಜಿಎಂ, ಐಜಿಜಿ. ಮೊದಲನೆಯದು ವೈರಸ್ಸಿನದೇ ಒಂದು ಪ್ರೋಟೀನು. ಉಳಿದೆರಡು ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸಿಕೊಂಡ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು. ಮೂರನೆಯ ಸಾಲಿನಲ್ಲಿ ‘ಪಾಸಿಟಿವ್’ ಎಂದು ಕಂಡ ಕೂಡಲೇ ಡೆಂಗಿ ಬಂದೇಬಿಟ್ಟಿತು ಎಂದು ಗಾಬರಿಯಾಗುವವರಿದ್ದಾರೆ. ಆದರೆ ಆ ಒಂದು ಸಾಲು ಈಗಿನ ಜ್ವರದ ಬಗ್ಗೆ ಏನನ್ನೂ ಹೇಳದೆ, ಎಷ್ಟೋ ವರ್ಷಗಳ ಹಿಂದಿನ ಸೋಂಕನ್ನು ತೋರಿಸುತ್ತಿರಬಹುದು.

ಪ್ರತಿಕಾಯವೂ ಒಂದು ಪ್ರೋಟೀನೇ. ಇಂಗ್ಲಿಷಿನ Y ಅಕ್ಷರದ ಆಕಾರ. ಅದರ ಎರಡು ತೋಳುಗಳ ತುದಿ ವೈರಸ್ಸಿನ ಯಾವುದೋ ಒಂದು ನಿರ್ದಿಷ್ಟ ಭಾಗಕ್ಕೆ ಮಾತ್ರ ಹೊಂದಿ ಕೂರುತ್ತದೆ. ರಕ್ತದಲ್ಲಿರುವ ಬಿ ಜೀವಕೋಶಗಳಲ್ಲಿ ಒಂದೊಂದರ ಪ್ರತಿಕಾಯವೂ ಒಂದೊಂದು ಬಗೆಯದು. ವೈರಸ್ ಒಳಹೊಕ್ಕಾಗ ಅದಕ್ಕೆ ಹೊಂದುವ ಪ್ರತಿಕಾಯವಿರುವ ಕೋಶಗಳು ಮಾತ್ರ ಬೇಗಬೇಗ ಸಂಖ್ಯೆ ಹೆಚ್ಚಿಸಿಕೊಂಡು ತಯಾರಿಕೆಗೆ ಇಳಿಯುತ್ತವೆ.

ಮೊದಲು ಹೊರಬರುವುದು ಐಜಿಎಂ. ಐದು Yಗಳು ಒಂದಕ್ಕೊಂದು ಕೂಡಿಕೊಂಡ ದೊಡ್ಡ ಕಣ ಅದು. ಡೆಂಗಿಯಲ್ಲಿ ಜ್ವರ ಶುರುವಾದ ನಾಲ್ಕೈದು ದಿನಕ್ಕೆ ಕಾಣಿಸಿಕೊಂಡು, ಎರಡು ಮೂರು ತಿಂಗಳಲ್ಲಿ ಬಹುತೇಕ ಇಳಿದುಹೋಗುತ್ತದೆ. ಒಂಟಿ Y ಆಗಿರುವ ಐಜಿಜಿ ನಿಧಾನಕ್ಕೆ ಬರುತ್ತದೆ. ಮೊದಲ ಸಲದ ಸೋಂಕಿನಲ್ಲಿ ಒಂದು ವಾರ ಕಳೆಯುವ ಹೊತ್ತಿಗೆ ಅಲ್ಪಸ್ವಲ್ಪ ಕಂಡು, ಆಮೇಲೆ ಏರಿ, ದಶಕಗಳ ಕಾಲ ಉಳಿಯುತ್ತದೆ. ಹಾಗೆಂದು ಅದೇ ಐಜಿಜಿ ಕಣ ಅಷ್ಟು ವರ್ಷ ಬದುಕಿರುವುದಿಲ್ಲ. ಸುಮಾರು ಮೂರು ವಾರಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಮೂಳೆಯ ಮಜ್ಜೆಯಲ್ಲಿ ನೆಲೆಸಿದ ಕೆಲವು ಕೋಶಗಳು ಜ್ವರ ಮರೆತುಹೋದ ಮೇಲೂ ಅದನ್ನು ತಯಾರಿಸುತ್ತಲೇ ಇರುತ್ತವೆ. ಹಳೆಯ ಸೋಂಕನ್ನು ಪತ್ತೆಹಚ್ಚಲು ಸಾಧ್ಯವಾಗುವುದು ಇದರಿಂದಲೇ.

ಆದರೆ ಒಂದು ಹನಿ ರಕ್ತದಲ್ಲಿ ನೂರಾರು ರೋಗಗಳ ವಿರುದ್ಧದ ಪ್ರತಿಕಾಯಗಳು ಬೆರೆತಿರುತ್ತವೆ. ಅವುಗಳಲ್ಲಿ ಡೆಂಗಿಯದನ್ನಷ್ಟೇ ಹಿಡಿಯಬೇಕು. ಅದಕ್ಕಿರುವ ವಿಧಾನವೇ ಎಲೈಸಾ. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಇದನ್ನು ಪ್ರಕಟಿಸಿದರು. ಇದಕ್ಕೆ ಬಳಸುವ ಪ್ಲಾಸ್ಟಿಕ್ ತಟ್ಟೆ ಪಡ್ಡಿನ ಹಂಚಿನಂತಿರುತ್ತದೆ: ಅಂಗೈಯಗಲದ ಜಾಗದಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಪುಟ್ಟ ಗುಳಿಗಳು. ಐಜಿಜಿ ಪರೀಕ್ಷೆಯ ಸಾಮಾನ್ಯ ಕ್ರಮದಲ್ಲಿ ಪ್ರತಿ ಗುಳಿಯ ತಳಕ್ಕೂ ಡೆಂಗಿ ವೈರಸ್ಸಿನ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಹಳದಿ ದ್ರವವೇ ಸೀರಂ. ಅದನ್ನು ಸುಮಾರು ನೂರು ಪಟ್ಟು ತೆಳುಮಾಡಿ ಗುಳಿಗೆ ಹಾಕುತ್ತಾರೆ. ಡೆಂಗಿಯ ಪ್ರತಿಕಾಯವಿದ್ದರೆ ಅದು ತಳದ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ಗುಳಿಯನ್ನು ಹಲವು ಸಲ ತೊಳೆದಾಗ ಉಳಿದದ್ದೆಲ್ಲ ಕೊಚ್ಚಿಹೋಗುತ್ತದೆ. ಕಚ್ಚಿಕೊಂಡದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಎರಡನೆಯ ಪ್ರತಿಕಾಯವೊಂದನ್ನು ಹಾಕುತ್ತಾರೆ. ಇದು ಮನುಷ್ಯರ ಐಜಿಜಿಯನ್ನೇ ಹಿಡಿಯುವಂಥದ್ದು. ಇದರ ಬೆನ್ನಿಗೆ ಒಂದು ಕಿಣ್ವವನ್ನು ಜೋಡಿಸಿರುತ್ತಾರೆ. ಮತ್ತೆ ತೊಳೆದು ಬಣ್ಣದ ರಾಸಾಯನಿಕ ಹನಿಸಿದರೆ, ಕಿಣ್ವ ಉಳಿದಿರುವ ಗುಳಿ ನೀಲಿಯಾಗುತ್ತದೆ. ಆಮ್ಲ ಹಾಕಿದ ಕ್ಷಣ ನೀಲಿ ಹಳದಿಗೆ ತಿರುಗಿ ಕ್ರಿಯೆ ಅಲ್ಲಿಗೆ ನಿಲ್ಲುತ್ತದೆ. ಹಳದಿ ಎಷ್ಟು ಗಾಢವೆಂದು ಯಂತ್ರ ಅಳೆಯುತ್ತದೆ. ಗೊತ್ತುಪಡಿಸಿದ ಗಡಿಗಿಂತ ಮೇಲಿದ್ದರೆ ಪಾಸಿಟಿವ್, ಕೆಳಗಿದ್ದರೆ ನೆಗೆಟಿವ್.

ತೊಳೆಯುವುದರಲ್ಲಿ ಕೈ ತಪ್ಪಿದರೆ ಎಲ್ಲ ಗುಳಿಗಳೂ ಹಳದಿಯಾಗಬಹುದು. ಆದ್ದರಿಂದಲೇ ಪ್ರತಿ ತಟ್ಟೆಯಲ್ಲೂ ಪ್ರತಿಕಾಯ ಇಲ್ಲವೆಂದು ಮೊದಲೇ ಗೊತ್ತಿರುವ ಮಾದರಿ ಒಂದು, ಇದೆಯೆಂದು ಗೊತ್ತಿರುವ ಮಾದರಿ ಒಂದು ಇರಲೇಬೇಕು. ಇಲ್ಲವೆಂದು ಗೊತ್ತಿರುವ ಗುಳಿಗೂ ಬಣ್ಣ ಬಂದರೆ ಆ ತಟ್ಟೆಯ ಫಲಿತಾಂಶವನ್ನೆಲ್ಲ ಕೈಬಿಟ್ಟು ಮತ್ತೆ ಮೊದಲಿನಿಂದ ಮಾಡಬೇಕು.

ಇನ್ನು ರಿಪೋರ್ಟನ್ನು ಓದುವ ಬಗೆ. ಜ್ವರದ ಆರನೇ ದಿನ ಇಬ್ಬರು ರಕ್ತ ಕೊಟ್ಟರು ಎಂದುಕೊಳ್ಳಿ. ಒಬ್ಬರಿಗೆ ಐಜಿಎಂ ಪಾಸಿಟಿವ್, ಐಜಿಜಿ ನೆಗೆಟಿವ್. ಇದು ಬಹುಶಃ ಅವರ ಮೊದಲ ಡೆಂಗಿ. ಇನ್ನೊಬ್ಬರಿಗೆ ಐಜಿಎಂ ಅಷ್ಟಕ್ಕಷ್ಟೆ, ಐಜಿಜಿ ಮಾತ್ರ ಬಹಳ ಹೆಚ್ಚು. ಆರು ದಿನದಲ್ಲಿ ಐಜಿಜಿ ಇಷ್ಟು ಏರಬೇಕಾದರೆ ದೇಹಕ್ಕೆ ಹಿಂದಿನ ಪರಿಚಯ ಇರಲೇಬೇಕು. ಇದು ಎರಡನೆಯ ಸೋಂಕಿನ ಲಕ್ಷಣ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನು ಹಿಡಿದರೂ ನಿಷ್ಕ್ರಿಯಗೊಳಿಸಲಾರದೆ, ಕೆಲವೊಮ್ಮೆ ಅದು ಕೋಶದೊಳಗೆ ಹೋಗಲು ದಾರಿ ಮಾಡಿಕೊಡುತ್ತದೆ. ಹಾಗಾಗಿ ಎರಡನೆಯ ಸಲದ ಡೆಂಗಿ ಉಲ್ಬಣಿಸುವ ಸಂಭವ ಹೆಚ್ಚು. ಒಂದೇ ರಿಪೋರ್ಟಿನಿಂದ ತೀರ್ಮಾನವಾಗದಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದು. ಇದ್ದಷ್ಟೇ ಇದ್ದರೆ ಹಳೆಯದು.

ಈ ಪರೀಕ್ಷೆ ಮೋಸಹೋಗುವುದೂ ಉಂಟು. ಮಿದುಳುಜ್ವರ ತರುವ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ ಡೆಂಗಿಯ ಹತ್ತಿರದ ನೆಂಟ. ಆ ಸೋಂಕು ಬಂದು ಹೋದವರ ಪ್ರತಿಕಾಯ ಡೆಂಗಿಯ ಗುಳಿಯಲ್ಲೂ ಅಂಟಿಕೊಳ್ಳಬಹುದು. ಅದರ ಲಸಿಕೆ ಹಾಕಿಸಿಕೊಂಡವರಲ್ಲೂ ಹೀಗಾಗಬಹುದು. ಹಾಗೆಯೇ ತಾಯಿಯ ಐಜಿಜಿ ಗರ್ಭದಲ್ಲಿರುವಾಗಲೇ ಮಗುವಿಗೆ ದಾಟುತ್ತದೆ. ಡೆಂಗಿಯೇ ಬರದ ಎಳೆಗೂಸಿನಲ್ಲೂ ಐಜಿಜಿ ಪಾಸಿಟಿವ್ ಬಂದರೆ ಅದು ತಾಯಿಗೆ ಬಂದಿದ್ದ ಸೋಂಕಿನ ಗುರುತಾಗಿರಬಹುದು.

ಹಿಂದೆ ಸೋಂಕು ಆಗಿತ್ತೇ ಎಂಬ ಪ್ರಶ್ನೆ ಎಷ್ಟು ಗಂಭೀರ ಎಂಬುದು ಫಿಲಿಪ್ಪೀನ್ಸ್‌ನಲ್ಲಿ ಗೊತ್ತಾಯಿತು. 2016ರಿಂದ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಎಂಬ ಡೆಂಗಿ ಲಸಿಕೆ ಹಾಕಲಾಗಿತ್ತು. ಒಮ್ಮೆಯೂ ಡೆಂಗಿ ಬರದವರಿಗೆ ಈ ಲಸಿಕೆ ಕೊಟ್ಟರೆ ಮುಂದೆ ಬರುವ ಡೆಂಗಿ ತೀವ್ರವಾಗುವ ಅಪಾಯವಿದೆ ಎಂದು 2017ರ ನವೆಂಬರಿನಲ್ಲಿ ತಯಾರಕರೇ ತಿಳಿಸಿದರು. ಮೊದಲು ರಕ್ತ ಪರೀಕ್ಷಿಸಿ, ಹಳೆಯ ಸೋಂಕು ಕಂಡವರಿಗಷ್ಟೇ ಇದನ್ನು ಕೊಡುವುದು ಲೇಸು ಎಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿತು.

ಇಲ್ಲೊಂದು ಲೆಕ್ಕ ನೋಡಬೇಕು. ಸೋಂಕಾದ ನೂರರಲ್ಲಿ 90 ಜನರನ್ನು ಹಿಡಿಯುವ, ಸೋಂಕಾಗದ ನೂರರಲ್ಲಿ 5 ಜನರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಸಾವಿರ ಜನರಲ್ಲಿ 800 ಮಂದಿಗೆ ಡೆಂಗಿ ಬಂದು ಹೋದ ಊರಿನಲ್ಲಿ 720 ಸರಿಯಾದ ಪಾಸಿಟಿವ್, 10 ತಪ್ಪು ಪಾಸಿಟಿವ್ ಸಿಗುತ್ತವೆ. 200 ಮಂದಿಗೆ ಮಾತ್ರ ಬಂದು ಹೋದ ಊರಿನಲ್ಲಿ ಸರಿಯಾದದ್ದು 180, ತಪ್ಪಾದದ್ದು 40. ಪರೀಕ್ಷೆ ಅದೇ, ಕೈ ಅದೇ. ಆದರೂ ಎರಡನೆಯ ಊರಿನಲ್ಲಿ ಪಾಸಿಟಿವ್ ಬಂದವರಲ್ಲಿ ಐದೂವರೆ ಮಂದಿಗೊಬ್ಬರಂತೆ ತಪ್ಪು.

ಆದ್ದರಿಂದ ಡೆಂಗಿಯ ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ. ಜ್ವರ ಯಾವ ದಿನ ಶುರುವಾಯಿತೆಂದು ಅದರ ಮೇಲೆ ಬರೆದಿಡಿ. ಮುಂದಿನ ಸಲ ಜ್ವರ ಬಂದಾಗ ಅದನ್ನು ವೈದ್ಯರಿಗೆ ತೋರಿಸಿ, ಜಪಾನೀಸ್ ಎನ್‌ಸೆಫಲೈಟಿಸ್ ಲಸಿಕೆ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಇವಿಷ್ಟು ಗೊತ್ತಿಲ್ಲದೆ ‘ಐಜಿಜಿ ಪಾಸಿಟಿವ್’ ಎಂಬ ಒಂದು ಸಾಲನ್ನು ಯಾವ ವೈದ್ಯರೂ ಸರಿಯಾಗಿ ಓದಲಾರರು.