ತೂಗುಸೇತುವೆಯ ಮೇಲೆ ಕೊಟ್ಟ ಫೋನ್ ನಂಬರು

ಕೆನಡಾದ ವ್ಯಾಂಕೂವರ್ ನಗರದ ಉತ್ತರಕ್ಕೆ ಕ್ಯಾಪಿಲಾನೊ ನದಿ ಆಳವಾದ ಕಮರಿಯೊಂದರಲ್ಲಿ ಹರಿಯುತ್ತದೆ. ಕಮರಿಗೆ ಅಡ್ಡಲಾಗಿ ಹಲಗೆ ಮತ್ತು ತಂತಿಹಗ್ಗದ ತೂಗುಸೇತುವೆ. ಉದ್ದ 450 ಅಡಿ, ಅಗಲ ಬರೀ 5 ಅಡಿ, ಕೆಳಗೆ 230 ಅಡಿ ಆಳದಲ್ಲಿ ಬಂಡೆಗಳ ನಡುವೆ ನೀರು. ಹೆಜ್ಜೆಯಿಟ್ಟರೆ ಓಲಾಡುತ್ತದೆ. ಐವತ್ತು ವರ್ಷಗಳ ಹಿಂದೆ ಕೈಯಾಸರೆಗಿದ್ದ ತಂತಿಯೂ ತೀರಾ ತಗ್ಗಿನಲ್ಲಿತ್ತಂತೆ.

ಆ ಸೇತುವೆಯ ಮೇಲೆ ಒಬ್ಬಳು ಯುವತಿ ನಿಂತಿದ್ದಾಳೆ. 18ರಿಂದ 35 ವಯಸ್ಸಿನ, ಜೊತೆಯಲ್ಲಿ ಹೆಂಗಸರಿಲ್ಲದ ಗಂಡಸರು ದಾಟಿ ಬರುವಾಗ ತಡೆದು ಮಾತಾಡಿಸುತ್ತಾಳೆ. ನಿಸರ್ಗದ ಸೊಬಗು ಜನರ ಸೃಜನಶೀಲತೆಯ ಮೇಲೆ ಏನು ಪರಿಣಾಮ ಮಾಡುತ್ತದೆಂದು ನೋಡುತ್ತಿದ್ದೇನೆ, ಈ ಚಿತ್ರ ನೋಡಿ ಒಂದು ಪುಟ್ಟ ಕತೆ ಬರೆದುಕೊಡಿ ಅನ್ನುತ್ತಾಳೆ. ಬರೆದು ಮುಗಿದ ಮೇಲೆ ಹಾಳೆಯ ಮೂಲೆ ಹರಿದು ತನ್ನ ಹೆಸರು, ಫೋನ್ ನಂಬರು ಗೀಚಿ, ಹೆಚ್ಚು ತಿಳಿಯಬೇಕೆನಿಸಿದರೆ ಫೋನ್ ಮಾಡಿ ಎಂದು ಕೊಡುತ್ತಾಳೆ. ಅದೇ ನದಿಯ ಮೇಲ್ಭಾಗದಲ್ಲಿ ಇನ್ನೊಂದು ಸೇತುವೆಯಿದೆ. ಅದು ಅಗಲ, ಗಟ್ಟಿಮರದ್ದು, ಸಣ್ಣ ತೊರೆಯಿಂದ ಹತ್ತೇ ಅಡಿ ಎತ್ತರ. ಅಲ್ಲಿಯೂ ಇದೇ ನಾಟಕ. ಫೋನ್ ಬಂದಾಗ ಯಾವ ಸೇತುವೆಯವನು ಎಂದು ತಿಳಿಯಲು ಒಂದು ಉಪಾಯ ಮಾಡಿದ್ದರು: ತೂಗುಸೇತುವೆಯಲ್ಲಿ ಅವಳ ಹೆಸರು ಗ್ಲೋರಿಯಾ, ಮರದ ಸೇತುವೆಯಲ್ಲಿ ಡೋನಾ.

ಇದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಏರಾನ್ 1974ರಲ್ಲಿ ಪ್ರಕಟಿಸಿದ ಅಧ್ಯಯನ. ತೂಗುಸೇತುವೆಯಲ್ಲಿ ನಂಬರು ಪಡೆದ 18 ಮಂದಿಯಲ್ಲಿ 9 ಜನ ಫೋನ್ ಮಾಡಿದರು. ಮರದ ಸೇತುವೆಯಲ್ಲಿ ಪಡೆದ 16 ಮಂದಿಯಲ್ಲಿ ಇಬ್ಬರೇ. ಭಯದಿಂದ ಎದೆ ಹೊಡೆದುಕೊಳ್ಳುತ್ತಿರುವಾಗ ಎದುರಿಗೆ ಸುಂದರಿಯೊಬ್ಬಳು ಕಂಡರೆ, ಆ ಡವಗುಟ್ಟುವಿಕೆಯನ್ನು ಮನಸ್ಸು ಅವಳ ಲೆಕ್ಕಕ್ಕೇ ಬರೆದುಬಿಡುತ್ತದೆ ಎಂಬುದು ಅವರ ವಾದ.

ಕಾಲೇಜಿನಲ್ಲಿ ಮನೋವಿಜ್ಞಾನದ ಸಂಶೋಧನಾ ವಿಧಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಕತೆಯನ್ನು ಇಲ್ಲಿಗೇ ನಿಲ್ಲಿಸಿ, "ಒಪ್ಪುತ್ತೀರಾ?" ಎಂದು ಕೇಳುತ್ತಿದ್ದೆ. ಮುಕ್ಕಾಲು ತರಗತಿ ನಗುತ್ತಾ ಒಪ್ಪಿಕೊಳ್ಳುತ್ತಿತ್ತು. ಯಾರಾದರೊಬ್ಬರು ಹಿಂದಿನ ಬೆಂಚಿನಿಂದ ರಾಗ ಎಳೆಯುವವರೆಗೆ ಕಾಯುವುದಷ್ಟೇ ನನ್ನ ಕೆಲಸ. ಒಂದು ವರ್ಷ ಹುಡುಗಿಯೊಬ್ಬಳು ಅಂದಳು: "ಸಾರ್, ಆ ತೂಗುಸೇತುವೆ ಹತ್ತೋನೇ ಸ್ವಲ್ಪ ಧೈರ್ಯದವನು ಅಲ್ವಾ? ಅಂಥೋನು ಗೊತ್ತಿಲ್ಲದ ಹುಡುಗೀಗೆ ಫೋನ್ ಮಾಡಕ್ಕೂ ಹೆದರಲ್ಲ. ಸೇತುವೆ ಏನು ಮಾಡ್ತು?"

ಇಡೀ ಪಠ್ಯಕ್ರಮ ಆ ಪ್ರಶ್ನೆಯ ಸುತ್ತಲೇ ಇದೆ. ಸೇತುವೆ ಮತ್ತು ಫೋನ್ ಕರೆ ಒಟ್ಟೊಟ್ಟಿಗೆ ಏರಿಳಿದವು, ಅದು ನಿಜ. ಇದಕ್ಕೆ ಪಠ್ಯಪುಸ್ತಕದ ಹೆಸರು ಸಹಸಂಬಂಧ. ಆದರೆ ಒಂದು ಇನ್ನೊಂದನ್ನು ಉಂಟುಮಾಡಿತೆ? ಅದು ಕಾರ್ಯಕಾರಣದ ಮಾತು. ನಮ್ಮಲ್ಲಿ ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಮಾತಿದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸಹಸಂಬಂಧಕ್ಕೆ ಅದನ್ನೇ ಉದಾಹರಣೆಯಾಗಿ ಬರೆಯುತ್ತಿದ್ದರು, ನಾನು ಅಂಕ ಕಳೆಯುತ್ತಿದ್ದೆ. ಅದು ಬರೀ ಆಕಸ್ಮಿಕ. ನಾಳೆ ಇನ್ನೊಂದು ಕಾಗೆ ಕೂತರೆ ಟೊಂಗೆ ಮುರಿಯುವುದಿಲ್ಲ. ಸಹಸಂಬಂಧದ ತೊಡಕು ಬೇರೆಯೇ. ಅಲ್ಲಿ ಎರಡು ಸಂಗತಿಗಳು ನಿಜಕ್ಕೂ ಜೊತೆಯಾಗಿ ಸಾಗುತ್ತವೆ, ಮತ್ತೆ ನೋಡಿದರೂ ಹಾಗೇ ಸಾಗುತ್ತವೆ. ಆದರೂ ಅವೆರಡನ್ನೂ ಮೂರನೆಯದೊಂದು ಎಳೆಯುತ್ತಿರಬಹುದು. ಇಲ್ಲಿ ಹುಡುಗಿ ತೋರಿಸಿದ ಧೈರ್ಯವೇ ಆ ಮೂರನೆಯದು.

ಮೊದಲು ಆಕಸ್ಮಿಕದ ಲೆಕ್ಕ ತೀರಿಸಿಕೊಳ್ಳೋಣ, ಅದು ಸುಲಭ. ನಂಬರು ಪಡೆದವರು ಒಟ್ಟು 34, ಫೋನ್ ಮಾಡಿದವರು 11. 34 ಚೀಟಿ ಮಾಡಿ, ಹನ್ನೊಂದರ ಮೇಲೆ 'ಫೋನ್' ಎಂದು ಬರೆದು, ಡಬ್ಬಿಯಲ್ಲಿ ಕುಲುಕಿ, ಕಣ್ಣುಮುಚ್ಚಿ 16 ಎತ್ತಿ. ಆ ಹದಿನಾರರಲ್ಲಿ ಫೋನ್ ಚೀಟಿ ಎರಡೋ ಅದಕ್ಕಿಂತ ಕಡಿಮೆಯೋ ಬರುವುದು ಸಾವಿರ ಸಲಕ್ಕೆ ಸುಮಾರು 23 ಸಲ. ಅಪರೂಪವೇ. ಆದ್ದರಿಂದ ಇದು ಕಾಗೆಯ ಕತೆಯಲ್ಲ ಎಂದು ತಕ್ಕಮಟ್ಟಿಗೆ ಹೇಳಬಹುದು. ಆದರೆ ಗಮನಿಸಿ, ಚೀಟಿಯ ಲೆಕ್ಕ ಧೈರ್ಯದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಎರಡು ಗುಂಪುಗಳು ಬೇರೆ ಎಂದಿತೇ ಹೊರತು ಯಾಕೆ ಬೇರೆ ಎನ್ನಲಿಲ್ಲ. ಆ ಯಾಕೆಗೆ ಎಂಥ ಸೂಕ್ಷ್ಮ ಸಂಖ್ಯಾಶಾಸ್ತ್ರದಿಂದಲೂ ಉತ್ತರ ಸಿಗುವುದಿಲ್ಲ. ಜನ ಆಯಾ ಗುಂಪಿಗೆ ಹೇಗೆ ಸೇರಿದರು ಎಂಬುದನ್ನೇ ನೋಡಬೇಕು.

ಡಟನ್ ಮತ್ತು ಏರಾನ್ ದಡ್ಡರಲ್ಲ, ಈ ತಕರಾರು ಅವರಿಗೂ ಹೊಳೆದಿತ್ತು. ಎರಡೂ ಸೇತುವೆಗಳಲ್ಲಿ ಗಂಡಸು ಸಂದರ್ಶಕನನ್ನೂ ನಿಲ್ಲಿಸಿ ನೋಡಿದ್ದರು. ತೂಗುಸೇತುವೆಯಲ್ಲಿ ಅವನ ನಂಬರು ಪಡೆದ 7 ಮಂದಿಯಲ್ಲಿ 2, ಮರದ ಸೇತುವೆಯಲ್ಲಿ 6 ಮಂದಿಯಲ್ಲಿ 1 ಫೋನ್ ಮಾಡಿದರು. ತೂಗುಸೇತುವೆಯವರಿಗೆ ಆ ಅಧ್ಯಯನದ ಬಗ್ಗೆಯೇ ಹೆಚ್ಚು ಕುತೂಹಲವಿದ್ದಿದ್ದರೆ ಅವನಿಗೂ ಜಾಸ್ತಿ ಕರೆ ಬರಬೇಕಿತ್ತು ಎಂಬುದು ತರ್ಕ. ಆದರೆ ಹುಡುಗಿಯರ ಮುಂದೆ ಮಾತ್ರ ತಲೆಯೆತ್ತುವ ಧೈರ್ಯವೂ ಇರುತ್ತದಲ್ಲ!

ಹಾಗಾಗಿ ಎರಡನೆಯ ಸಲ ಮರದ ಸೇತುವೆಯನ್ನೇ ಕೈಬಿಟ್ಟರು. ಈಗ ಎಲ್ಲರೂ ತೂಗುಸೇತುವೆ ಹತ್ತಿದವರೇ. ಕೆಲವರನ್ನು ಸೇತುವೆಯ ಮೇಲೇ ಮಾತಾಡಿಸಿದರು. ಇನ್ನು ಕೆಲವರನ್ನು, ದಾಟಿ ಬಂದು ಪಕ್ಕದ ಪುಟ್ಟ ಉದ್ಯಾನದಲ್ಲಿ ಕನಿಷ್ಠ ಹತ್ತು ನಿಮಿಷ ಸುಧಾರಿಸಿಕೊಂಡ ಮೇಲೆ ಮಾತಾಡಿಸಿದರು. ಧೈರ್ಯ ಎರಡೂ ಕಡೆ ಸಮ, ಎದೆಬಡಿತ ಮಾತ್ರ ಬೇರೆ. ಸೇತುವೆಯ ಮೇಲಿನ 20 ಮಂದಿಯಲ್ಲಿ 13, ಸುಧಾರಿಸಿಕೊಂಡ 19 ಮಂದಿಯಲ್ಲಿ 7 ಕರೆ ಬಂತು. ಹೋಲಿಕೆ ಶುಚಿಯಾಯಿತು, ಆದರೆ ಅಂತರ ಸಣ್ಣದಾಯಿತು. ಅದೇ ಚೀಟಿ ಆಟ ಆಡಿದರೆ ಇಂಥ ಅಂತರ ಬರೀ ಅದೃಷ್ಟದಿಂದ ನೂರಕ್ಕೆ ಏಳು ಸಲ ಬರುತ್ತದೆ. ನನಗೆ ಈ ಅಧ್ಯಯನದಲ್ಲಿ ಇಷ್ಟವಾಗುವ ಜಾಗ ಇದು. ಕತೆ ಹೇಳುವವರು ಯಾವಾಗಲೂ ಒಂಬತ್ತು ಮತ್ತು ಎರಡರ ಬಗ್ಗೆ ಹೇಳುತ್ತಾರೆ. ಹದಿಮೂರು ಮತ್ತು ಏಳರ ಬಗ್ಗೆ ಯಾರೂ ಹೇಳುವುದಿಲ್ಲ.

ಇಷ್ಟಾದರೂ ಹಿಂದಿನ ಬೆಂಚು ಸುಮ್ಮನಿರಲಿಲ್ಲ. ದಾಟಿದ ಮೇಲೆ ಉದ್ಯಾನದಲ್ಲಿ ಕೂರುವವನು ಯಾರು? ಸುಸ್ತಾದವನು, ಅವಸರವಿಲ್ಲದವನು. ಕೂರದೆ ನೇರ ಕಾರಿಗೆ ಹೋದವನು ಎರಡನೆಯ ಗುಂಪಿಗೆ ಬರಲೇ ಇಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಕಿಂಡಿ. ಜನ ತಾವೇ ಗುಂಪು ಆರಿಸಿಕೊಳ್ಳುವವರೆಗೆ ಈ ಕಿಂಡಿಗಳಿಗೆ ಕೊನೆಯಿಲ್ಲ.

ಮೂರನೆಯ ಸಲ ಅವರು ನದಿ ಬಿಟ್ಟು ಪ್ರಯೋಗಾಲಯಕ್ಕೆ ಬಂದರು. 80 ಮಂದಿ ವಿದ್ಯಾರ್ಥಿಗಳು, ಎಲ್ಲರೂ ಹುಡುಗರು. ಕಲಿಕೆಯ ಮೇಲೆ ವಿದ್ಯುತ್ ಶಾಕ್‌ನ ಪರಿಣಾಮ ನೋಡುತ್ತೇವೆ ಎಂದು ಅವರಿಗೆ ಹೇಳಲಾಗಿತ್ತು. ಪಕ್ಕದಲ್ಲಿ ಒಬ್ಬಳು ಯುವತಿ, ಅವಳೂ ತನ್ನಂತೆಯೇ ಬಂದವಳು ಎಂದು ಹುಡುಗ ನಂಬುತ್ತಾನೆ, ನಿಜಕ್ಕೂ ಅವಳು ಸಂಶೋಧಕರ ಕಡೆಯವಳು. ಶಾಕ್ ಎರಡು ಬಗೆ: ಒಂದು ಚೆನ್ನಾಗಿ ನೋಯುವಂಥದ್ದು, ಇನ್ನೊಂದು ಬರೀ ಜುಮ್ಮೆನ್ನುವಂಥದ್ದು. ಯಾರಿಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಆಮೇಲೆ, ಶಾಕ್ ಬರುವ ಮುನ್ನವೇ, ಒಬ್ಬೊಬ್ಬನನ್ನೂ ಬೇರೆ ಕೂರಿಸಿ ಅವಳ ಬಗ್ಗೆ ಪ್ರಶ್ನಾವಳಿ ತುಂಬಿಸಿದರು. ಜೋರು ಶಾಕ್ ತನಗಿದೆ ಎಂದುಕೊಂಡವರು ಅವಳತ್ತ ಹೆಚ್ಚು ಆಕರ್ಷಣೆ ತೋರಿಸಿದರು. ಅವಳಿಗೆ ಯಾವ ಶಾಕ್ ಎಂಬುದರಿಂದ ಅಂಥ ವ್ಯತ್ಯಾಸವಾಗಲಿಲ್ಲ, ಅಂದರೆ ಪಾಪ ಎಂಬ ಕನಿಕರವೇ ಆಕರ್ಷಣೆಯಾಯಿತು ಎನ್ನುವಂತಿಲ್ಲ.

ಇಲ್ಲಿ ದುಡಿದದ್ದು ಆ ನಾಣ್ಯ. ನಾಣ್ಯಕ್ಕೆ ಯಾರು ಧೈರ್ಯವಂತ, ಯಾರು ನಾಚಿಕೆ ಸ್ವಭಾವದವನು, ಯಾರಿಗೆ ಮೊನ್ನೆ ಪ್ರೇಮ ಮುರಿದಿದೆ ಎಂಬುದೊಂದೂ ತಿಳಿಯದು. ಅದಕ್ಕೆ ತಿಳಿಯದೆ ಇರುವುದರಿಂದಲೇ ಧೈರ್ಯವಂತರು ಎರಡು ಗುಂಪಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ನಾವು ಪಟ್ಟಿ ಮಾಡಲಾರದ, ಊಹಿಸಲೂ ಆಗದ ಗುಣಗಳೂ ಹಾಗೇ ಹಂಚಿಹೋಗುತ್ತವೆ. ಉಳಿಯುವ ವ್ಯತ್ಯಾಸ ಒಂದೇ, ಶಾಕ್‌ನ ನಿರೀಕ್ಷೆ. ಇದಕ್ಕೆ ಯಾದೃಚ್ಛಿಕ ಹಂಚಿಕೆ ಎನ್ನುತ್ತಾರೆ. ಯಾದೃಚ್ಛಿಕ ಆಯ್ಕೆ ಇದಲ್ಲ. ಊರಿನ ಜನರೆಲ್ಲರಲ್ಲಿ ಯಾರನ್ನು ಅಧ್ಯಯನಕ್ಕೆ ಕರೆಯುವುದು ಎಂದು ಚೀಟಿ ಎತ್ತುವುದು ಆಯ್ಕೆ. ಕರೆದು ಬಂದವರನ್ನು ಎರಡು ಪಾಲು ಮಾಡಲು ಚೀಟಿ ಎತ್ತುವುದು ಹಂಚಿಕೆ. ಡಟನ್ ಮತ್ತು ಏರಾನ್ ಬಳಿ ಎರಡನೆಯದಿತ್ತು, ಮೊದಲನೆಯದಿರಲಿಲ್ಲ. ಆದ್ದರಿಂದ ಆ ಹುಡುಗರಲ್ಲಿ ಕಾರಣ ಇದು ಎಂದು ವಾದಿಸಬಹುದು. ನಲವತ್ತು ದಾಟಿದ ನನ್ನಂಥವರಿಗೂ ಹೀಗೇ ಆಗುತ್ತದೆ ಎನ್ನಲಾಗದು.

ನಾಣ್ಯದ ಕೈಗೆ ಎಟುಕದ್ದೂ ಇದೆ. ಶಾಕ್‌ನ ನಿರೀಕ್ಷೆ ಆಕರ್ಷಣೆ ಹೆಚ್ಚಿಸಿತು ಎಂದಷ್ಟೇ ಅದು ಹೇಳೀತು. ನಡುವೆ ಮನಸ್ಸಿನಲ್ಲಿ ಏನಾಯಿತೆಂದು ಹೇಳದು. 1977ರಲ್ಲಿ ಡಗ್ಲಸ್ ಕೆನ್ರಿಕ್ ಮತ್ತು ರಾಬರ್ಟ್ ಚಾಲ್ಡಿನಿ ಬೇರೆ ವಿವರಣೆ ಮುಂದಿಟ್ಟರು: ಹೆದರಿದವನಿಗೆ ಪಕ್ಕದಲ್ಲೊಬ್ಬರಿದ್ದರೆ ಭಯ ತಗ್ಗುತ್ತದೆ, ಆ ನೆಮ್ಮದಿ ಕೊಟ್ಟವರು ಹಿತವೆನಿಸುತ್ತಾರೆ. ಎದೆಬಡಿತವನ್ನು ಪ್ರೇಮವೆಂದು ತಪ್ಪು ತಿಳಿಯುವ ಮಾತೇ ಬೇಕಿಲ್ಲ. ಇನ್ನೊಂದು ಸಂಶಯ ನದಿಯ ಪ್ರಯೋಗದ್ದು. ಸಂದರ್ಶಕಿಗೆ ತಾನು ಯಾವ ಸೇತುವೆಯ ಮೇಲಿದ್ದೇನೆ ಎಂಬುದು ಗೊತ್ತಿರಲೇಬೇಕಲ್ಲ. ತೂಗಾಡುವ ಹಲಗೆಯ ಮೇಲೆ ಅವಳು ತನಗರಿವಿಲ್ಲದೆ ಒಂದು ನಗೆ ಹೆಚ್ಚು ಚೆಲ್ಲಿದ್ದರೆ?

ಕೊನೆಯ ತರಗತಿಯಲ್ಲಿ ನಾನು ವಿದ್ಯಾರ್ಥಿಗಳಿಗೇ ಈ ಸೇತುವೆಯ ಪ್ರಯೋಗವನ್ನು ಮತ್ತೆ ರೂಪಿಸಲು ಹೇಳುತ್ತಿದ್ದೆ. ಸಾಮಾನ್ಯವಾಗಿ ಬರುವ ಸಲಹೆ ಒಂದೇ: ಟಿಕೆಟ್ ಕೊಡುವಲ್ಲೇ ಎಲ್ಲರಿಗೂ ಚೀಟಿ ಎತ್ತಿಸೋಣ, ಅರ್ಧ ಜನ ತೂಗುಸೇತುವೆಗೆ, ಅರ್ಧ ಜನ ಮರದ ಸೇತುವೆಗೆ. ಒಳ್ಳೆಯ ಉಪಾಯ. ಆಮೇಲೆ ನಾನು ಕೇಳುತ್ತಿದ್ದ ಪ್ರಶ್ನೆ: ತೂಗುಸೇತುವೆಯ ಚೀಟಿ ಬಂದವನೊಬ್ಬ ಕಮರಿ ನೋಡಿ ತಲೆತಿರುಗಿ ವಾಪಸು ಹೊರಟ, ಅವನನ್ನು ಏನು ಮಾಡುವುದು? ಬಿಟ್ಟುಬಿಡೋಣ ಎನ್ನುತ್ತಿದ್ದರು ಹೆಚ್ಚಿನವರು. ಬಿಟ್ಟರೆ ತೂಗುಸೇತುವೆಯಲ್ಲಿ ಉಳಿಯುವವರು ಮತ್ತೆ ಧೈರ್ಯವಂತರೇ, ನಾಣ್ಯ ಮಾಡಿದ ಕೆಲಸವೆಲ್ಲ ಹೊಳೆಪಾಲು. ಮರದ ಸೇತುವೆಗೆ ಸೇರಿಸಿದರಂತೂ ಇನ್ನೂ ಕೆಟ್ಟದ್ದು, ಪುಕ್ಕಲರೆಲ್ಲ ಅಲ್ಲೇ ಜಮಾಯಿಸುತ್ತಾರೆ. ಅವನ ಚೀಟಿಯಲ್ಲಿ ಏನಿದೆಯೋ ಆ ಗುಂಪಿನಲ್ಲೇ ಅವನನ್ನು ಎಣಿಸಬೇಕು. ಅವನು ಸೇತುವೆಗೆ ಕಾಲೇ ಇಡದಿದ್ದರೂ, ಯಾರಿಗೂ ಫೋನ್ ಮಾಡದಿದ್ದರೂ.