ಕಿವಿಗೆ ಪ್ಯಾಡ್, ಕೈಕಾಲಿಗೆ ಡಿಸ್ಕ್

ಬ್ರೇಕ್ ಒತ್ತಿದಾಗ ಕಾರಿನ ಮುಂದಿನ ಚಕ್ರದಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಪ್ಯಾಡ್ ಸವೆದಿದೆಯೋ, ಡಿಸ್ಕ್ ಸೊಟ್ಟಗಾಗಿದೆಯೋ ಎಂದು ಗ್ಯಾರೇಜಿಗೆ ಹೋಗುವ ಮೊದಲೇ ಬಹುಮಟ್ಟಿಗೆ ಹೇಳಬಹುದು. ಸವೆದ ಪ್ಯಾಡ್ ಕಿವಿಗೆ ಗೊತ್ತಾಗುತ್ತದೆ. ಡಿಸ್ಕಿನ ದೋಷ ಕೈಗೂ ಕಾಲಿಗೂ ಗೊತ್ತಾಗುತ್ತದೆ.

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟು ದಪ್ಪವಿರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಪದರ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಎಬ್ಬಿಸುತ್ತದೆ. ಇದು ಬೇಕೆಂದೇ ಇಟ್ಟಿರುವ ಎಚ್ಚರಿಕೆ. ಅದನ್ನೂ ಕಡೆಗಣಿಸಿದರೆ ಪದರ ಪೂರ್ತಿ ಮುಗಿದು, ಪ್ಯಾಡಿನ ಹಿಂದಿನ ಉಕ್ಕಿನ ತಗಡೇ ಡಿಸ್ಕನ್ನು ಗರಗರ ಕೆರೆಯತೊಡಗುತ್ತದೆ. ಆ ಸದ್ದು ಕೇಳಿದ ಮೇಲೆ ಗಾಡಿ ಓಡಿಸಬೇಡಿ. ಬ್ರೇಕಿನ ಹಿಡಿತ ಕುಗ್ಗಿರುತ್ತದೆ, ಡಿಸ್ಕೂ ಹಾಳಾಗುತ್ತಿರುತ್ತದೆ. ಮಳೆ ನಿಂತ ಬೆಳಿಗ್ಗೆ ಕೇಳಿಬಂದು ನಾಲ್ಕಾರು ಬ್ರೇಕಿಗೆ ಮಾಯವಾಗುವ ಕೆರೆತ ಮಾತ್ರ ತುಕ್ಕಿನದು, ಅದಕ್ಕೆ ಹೆದರಬೇಕಿಲ್ಲ.

ಚಕ್ರದ ಸಂದಿಯಿಂದ ಇಣುಕಿ ನೋಡಿ ‘ಪ್ಯಾಡ್ ಚೆನ್ನಾಗಿದೆ’ ಅನ್ನುವವರ ಮಾತು ನಂಬುವುದು ಕಷ್ಟ. ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಕ್ಯಾಲಿಪರಿನ ಪಿನ್ ಜಾಮ್ ಆಗಿದ್ದರೆ ಒಳಗಿನದು ಮೊದಲೇ ಸವೆದಿರುತ್ತದೆ. ಚಕ್ರ ಬಿಚ್ಚಿಸಿ ಎರಡನ್ನೂ ನೋಡಿ.

ಇನ್ನು ಡಿಸ್ಕ್. ಚಾರ್ಮಾಡಿ ಘಾಟಿಯನ್ನು ಟಾಪ್ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದ ಕಾರೊಂದನ್ನು ಊಹಿಸಿ. ಕೆಳಗೆ ಬಂದು, ಕಾದು ಕೆಂಡವಾದ ಡಿಸ್ಕನ್ನು ಪ್ಯಾಡ್ ಬಿಗಿಯಾಗಿ ಹಿಡಿದಿರುವಂತೆಯೇ ನಿಂತರೆ, ಪ್ಯಾಡಿನ ವಸ್ತು ಒಂದು ಕಡೆ ಅಂಟಿಕೊಳ್ಳಬಹುದು. ‘ಡಿಸ್ಕ್ ಬೆಂಡ್’ ಅನ್ನುವುದು ಬಹಳ ಸಲ ಇದೇ: ಲೋಹ ಬಾಗಿರುವುದಿಲ್ಲ, ದಪ್ಪ ಅಲ್ಲಲ್ಲಿ ಕೂದಲೆಳೆಯಷ್ಟೂ ಇಲ್ಲದ ಏರುಪೇರಾಗಿರುತ್ತದೆ. ಮರುದಿನ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ, ಪೆಡಲ್ ಪಾದವನ್ನು ಒದೆಯುತ್ತದೆ. ಚಕ್ರದ ಪ್ರತಿ ಸುತ್ತಿಗೂ ಆ ದಪ್ಪ ಭಾಗ ಪ್ಯಾಡಿಗೆ ಸಿಗುವುದರಿಂದ ಹೀಗಾಗುತ್ತದೆ. 80ರಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಹನ್ನೆರಡು ಸುತ್ತು ತಿರುಗುತ್ತದೆ, 20ಕ್ಕಿಳಿದಾಗ ಮೂರೇ. ಹಾಗಾಗಿ ವೇಗ ತಗ್ಗಿದಂತೆ ಒದೆತವೂ ನಿಧಾನವಾದರೆ, ಬ್ರೇಕ್ ಬಿಟ್ಟೊಡನೆ ನಿಂತುಹೋದರೆ ಡಿಸ್ಕಿನ ಮೇಲೆಯೇ ಅನುಮಾನ ಪಡಿ. ಬ್ರೇಕ್ ಒತ್ತದಿದ್ದರೂ ನಡುಕವಿದ್ದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಸ್ಟೀರಿಂಗ್ ಸುಮ್ಮನಿದ್ದು ಪೆಡಲ್ ಮಾತ್ರ ಒದೆಯುತ್ತಿದ್ದರೆ ಹಿಂದಿನ ಡ್ರಮ್ಮನ್ನೂ ನೋಡಿಸಬೇಕು. ಜೋರಾಗಿ ಬ್ರೇಕ್ ಹಾಕಿದಾಗಷ್ಟೇ ಪೆಡಲ್ ಟಕಟಕ ಅಂದರೆ ಅದು ಎಬಿಎಸ್ ಕೆಲಸ ಮಾಡುತ್ತಿರುವುದು.

ಈ ನಡುಕಕ್ಕೆ ಹೊಸ ಪ್ಯಾಡ್ ಹಾಕಿಸಿದರೆ ದುಡ್ಡು ದಂಡ. ಡಿಸ್ಕಿಗೆ ಡಯಲ್ ಗೇಜ್ ಹಿಡಿದು ಓಲಾಟ ಅಳೆಯಲಿ, ಮೈಕ್ರೋಮೀಟರಿನಿಂದ ಸುತ್ತಲೂ ದಪ್ಪ ನೋಡಲಿ. ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆದ ಮೇಲೆಯೇ ಅಳೆಯಬೇಕು, ಎಷ್ಟೋ ಸಲ ಓಲಾಟ ಹುಟ್ಟುವುದೇ ಅಲ್ಲಿಂದ. ಲೇತಿನಲ್ಲಿ ಹೊಡೆಸುವುದಾದರೆ ಡಿಸ್ಕಿನ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪವನ್ನು ಮೊದಲೇ ಓದಿಕೊಳ್ಳಿ. ಹೊಡೆಸಿದ ಮೇಲೆ ಅದಕ್ಕಿಂತ ತೆಳುವಾಗುವಂತಿದ್ದರೆ ಆ ಆಕ್ಸಲಿನ ಎರಡೂ ಡಿಸ್ಕುಗಳನ್ನು ಹೊಸ ಪ್ಯಾಡುಗಳ ಜೊತೆಗೆ ಬದಲಿಸಿ.